ಮೊದಲು, ಆಮೇಲೆ, ಅದಕ್ಕೂ ಆಮೇಲೆ

ಒಳಾಂಗಣ ವಿನ್ಯಾಸಕರಾದ ನಾವು ಕೆಲಸ ತೋರಿಸುವಾಗ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಡುತ್ತೇವೆ. ಎಡಗಡೆ ಹಳೆಯ ಅಡುಗೆಮನೆ: ಕಟ್ಟೆಯ ಮೇಲೆ ಎಣ್ಣೆ ಡಬ್ಬ, ಗೋಡೆಗೆ ಕ್ಯಾಲೆಂಡರು, ಅದರ ಮೇಲೆ ಹಾಲಿನ ಲೆಕ್ಕ. ಬಲಗಡೆ ಹೊಸದು, ಒಂದು ಲೋಟವೂ ಒಳಗೆ ಬರುವ ಮುಂಚೆ ತೆಗೆದದ್ದು. ನೋಡುವವರು ಹೋಲಿಸುವುದು ಹಳೆಯ ವಿನ್ಯಾಸವನ್ನು ಹೊಸದರ ಜೊತೆಗೋ, ಸಂಸಾರ ನಡೆಯುತ್ತಿರುವ ಮನೆಯನ್ನು ಖಾಲಿ ಮನೆಯ ಜೊತೆಗೋ? ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನನ್ನನ್ನು ಈ ಪ್ರಶ್ನೆ ಬಿಟ್ಟುಹೋಗುತ್ತಿಲ್ಲ.

ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟೊಂದರ ಅಡುಗೆಮನೆಯನ್ನು ನೆನೆಯುತ್ತೇನೆ. ಕಡಪ ಕಲ್ಲಿನ ಆಧಾರದ ಮೇಲೆ ಕಪ್ಪು ಗ್ರಾನೈಟಿನ ಕಟ್ಟೆ, ಎತ್ತರ 86 ಸೆಂಟಿಮೀಟರ್. ಅಡುಗೆ ಮಾಡುವ ತಾಯಿಯ ಎತ್ತರ 148. ಸೊಪ್ಪು ಹೆಚ್ಚಲು ಅವರು ಭುಜ ಮೇಲಕ್ಕೆತ್ತಬೇಕಿತ್ತು. ಒಲೆಯ ಮೇಲೆ ಕುಕ್ಕರ್ ಇಟ್ಟರಂತೂ ಅದರ ಬಾಯಿ ಎದೆಯ ಮಟ್ಟಕ್ಕೆ ಬರುತ್ತಿತ್ತು. ನಿಂತಾಗ ಮೊಣಕೈ ಎಷ್ಟು ಎತ್ತರದಲ್ಲಿರುತ್ತದೋ ಅದಕ್ಕಿಂತ ಹತ್ತು ಹದಿನೈದು ಸೆಂಟಿಮೀಟರ್ ಕೆಳಗೆ ಹೆಚ್ಚುವ ಜಾಗವಿರಬೇಕು. ಅವರ ಮೊಣಕೈ 93ಕ್ಕೆ ಇತ್ತು. ಹಾಗಾಗಿ ಹೆಚ್ಚುವ ಭಾಗವನ್ನು 80ಕ್ಕೆ ಇಳಿಸಿದೆವು. ಪಾತ್ರೆಯ ಎತ್ತರ ಸೇರುವುದರಿಂದ ಒಲೆಯ ಭಾಗ ಇನ್ನೂ ಕೆಳಗೆ, 72ಕ್ಕೆ ಹೋಯಿತು. ಸಿಂಕನ್ನು ಮಾತ್ರ 86ರಲ್ಲೇ ಬಿಟ್ಟೆವು, ಏಕೆಂದರೆ ಪಾತ್ರೆ ತಿಕ್ಕುವ ಕೈ ಕೆಲಸ ಮಾಡುವುದು ತೊಟ್ಟಿಯ ತಳದಲ್ಲಿ, ಅಂಚಿನಲ್ಲಲ್ಲ. ಸಿಂಕನ್ನೂ ಇಳಿಸಿದ್ದರೆ ಭುಜದ ನೋವು ಸೊಂಟಕ್ಕೆ ಇಳಿಯುತ್ತಿತ್ತು, ಅಷ್ಟೆ.

ಈ ಮೂರು ಮಟ್ಟದ ಕಟ್ಟೆ ಚಿತ್ರದಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಕಣ್ಣಿಗೆ ಬೇಕಾಗಿರುವುದು ಗೋಡೆಯಿಂದ ಗೋಡೆಗೆ ಒಂದೇ ಗೆರೆಯಲ್ಲಿ ಓಡುವ ಕಲ್ಲು. ಇಲ್ಲಿ ಅದು ಮೆಟ್ಟಿಲಿನಂತೆ ಮುರಿದಿದೆ. ಮೈಗೆ ಹಿತವಾದದ್ದೇ ಚಿತ್ರದಲ್ಲಿ ಕುಂದಿನಂತೆ ಕಂಡರೆ, ಚಿತ್ರಕ್ಕಾಗಿ ಕೆಲಸ ಮಾಡುವವರು ಯಾವುದನ್ನು ಬಿಟ್ಟುಕೊಡುತ್ತಾರೆ? ಬೆಳಕಿನದೂ ಇದೇ ಕತೆ. ಮೊದಲು ಟ್ಯೂಬ್‌ಲೈಟ್ ಅವರ ಬೆನ್ನ ಹಿಂದಿನ ಗೋಡೆಯಲ್ಲಿತ್ತು, ಹೆಚ್ಚುವ ಮಣೆಯ ಮೇಲೆ ಸದಾ ಅವರದೇ ನೆರಳು. ಈಗ ಮೇಲಿನ ಕಪಾಟುಗಳ ತಳದಲ್ಲಿ, ಮುಂದಿನ ಅಂಚಿಗೆ ಎಲ್‌ಇಡಿ ಪಟ್ಟಿ ಇದೆ. ಆದರೆ ಮೊಬೈಲು ಕತ್ತಲೆಯನ್ನು ತಾನೇ ತಿದ್ದಿಬಿಡುತ್ತದೆ, ಎರಡೂ ಚಿತ್ರಗಳಲ್ಲಿ ಬೆಳಕು ಒಂದೇ ಆಗುತ್ತದೆ. ಹಳೆಯದನ್ನು ಸಂಜೆಗತ್ತಲಲ್ಲಿ, ಹೊಸದನ್ನು ಬೆಳಗಿನ ಬಿಸಿಲಲ್ಲಿ ಅಗಲ ಲೆನ್ಸಿನಿಂದ ತೆಗೆದು ಏಳಡಿಯ ಅಡುಗೆಮನೆಯನ್ನು ಹಜಾರ ಮಾಡುವವರೂ ಇದ್ದಾರೆ. ಅದೇ ಜಾಗ, ಅದೇ ಹೊತ್ತು, ಅದೇ ಲೆನ್ಸು, ಎಕ್ಸ್‌ಪೋಷರ್ ಕದಲದಂತೆ ಹಿಡಿದಿಟ್ಟು ತೆಗೆದರೆ ಮಾತ್ರ ಹೋಲಿಕೆಗೆ ಅರ್ಥವಿದೆ.

ಒಪ್ಪಿಗೆಯ ಮಾತು ಇದಕ್ಕಿಂತ ಆಳದ್ದು. ಕೆಲಸದ ಕರಾರಿನ ಕೊನೆಯ ಪುಟದಲ್ಲಿ ಚಿತ್ರಗಳನ್ನು ಬಳಸಬಹುದು ಎಂಬ ಸಾಲಿತ್ತು. ಸಹಿ ಹಾಕಿದವರು ಹಣ ಕೊಟ್ಟ ಮಗ. ಅಡುಗೆಮನೆ ಮಾತ್ರ ತಾಯಿಯದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಸಮ್ಮತಿಯ ಬಗ್ಗೆ ಹೇಳುವುದು ಇದನ್ನೇ: ಅದು ಮುಕ್ತವಾಗಿರಬೇಕು, ಯಾವ ಉದ್ದೇಶಕ್ಕೆಂದು ನಿರ್ದಿಷ್ಟವಾಗಿರಬೇಕು, ಹಿಂದಕ್ಕೆ ಪಡೆಯುವುದೂ ಕೊಟ್ಟಷ್ಟೇ ಸುಲಭವಾಗಿರಬೇಕು. ಕಾನೂನು ಹಾಗಿರಲಿ, ಆ ತಾಯಿಯನ್ನು ಕೇಳದೆ ನನ್ನ ಮನಸ್ಸು ಒಪ್ಪಲಿಲ್ಲ. ಚಿತ್ರಗಳನ್ನು ಒಂದೊಂದಾಗಿ ಮುಂದಿಟ್ಟೆ.

"ಹೊಸದು ಹಾಕಮ್ಮ, ಅಡ್ಡಿಯಿಲ್ಲ. ಹಳೇದು ಬೇಡ. ನೋಡಿದೋರು ನಾನು ಮನೆ ಹಿಂಗೆ ಇಟ್ಕೊಂಡಿದ್ದೆ ಅಂದ್ಕೋತಾರೆ" ಅಂದರು.

ಆ ಮಾತಿನಲ್ಲಿ ನ್ಯಾಯವಿತ್ತು. ಹಳೆಯ ಕಟ್ಟೆ ಎತ್ತರವಾಗಿದ್ದದ್ದು, ದೀಪ ತಪ್ಪು ಜಾಗದಲ್ಲಿದ್ದದ್ದು ಕಟ್ಟಿದವರ ದೋಷ. ಚಿತ್ರ ಮಾತ್ರ ಅದನ್ನು ಅಲ್ಲಿ ಬಾಳಿದವರ ಮೇಲೆ ಹೊರಿಸುತ್ತದೆ. ಅದೇ ಚಿತ್ರದ ಮೂಲೆಯಲ್ಲಿ ಅವರ ಮಾತ್ರೆಗಳ ಹಾಳೆಗಳಿದ್ದವು, ಕಿಟಕಿಯಾಚೆ ಎದುರು ಕಟ್ಟಡದ ಹೆಸರಿತ್ತು, ಫೈಲಿನೊಳಗೆ ಮೊಬೈಲು ಬರೆದಿಟ್ಟ ಮನೆಯ ಸ್ಥಳವೂ ಇತ್ತು. ಹಳೆಯ ಚಿತ್ರಗಳನ್ನೆಲ್ಲ ಕೈಬಿಟ್ಟು, ಅವುಗಳ ಜಾಗದಲ್ಲಿ ಒಂದು ಪಕ್ಕನೋಟದ ನಕ್ಷೆ ಹಾಕಿದೆ: ಕಟ್ಟೆಯ ಎತ್ತರ, ಮೊಣಕೈ, ಎತ್ತಿದ ಭುಜ. ಆ ಮನೆಯ ತೊಂದರೆ ಏನೆಂಬುದನ್ನು ಆ ಗೆರೆಗಳು ಫೋಟೋಗಿಂತ ಚೆನ್ನಾಗಿ ಹೇಳಿದವು. ಹೊಸ ಚಿತ್ರಗಳಿಂದ ಸ್ಥಳದ ಮಾಹಿತಿಯನ್ನೂ ಅಳಿಸಿದೆ.

ಆರು ತಿಂಗಳು ಕಳೆದ ಮೇಲೆ, ಅವರನ್ನು ಕೇಳಿಕೊಂಡೇ, ಮೂರನೆಯ ಚಿತ್ರ ತೆಗೆದೆ. ಎಣ್ಣೆ ಡಬ್ಬ ಕಟ್ಟೆಗೆ ಮರಳಿತ್ತು. ಮಿಕ್ಸಿಗೆಂದು ಮಾಡಿಸಿದ ಡ್ರಾಯರಿನಲ್ಲಿ ಮಡಚಿಟ್ಟ ಪ್ಲಾಸ್ಟಿಕ್ ಕವರುಗಳಿದ್ದವು, ಮಿಕ್ಸಿ ಹೊರಗೇ ಇತ್ತು. ದಿನಕ್ಕೆರಡು ಸಲ ಬೇಕಾಗುವ ಭಾರದ ವಸ್ತುವನ್ನು ಯಾರೂ ಬಗ್ಗಿ ಎತ್ತಿಡುವುದಿಲ್ಲ. ಅವರ ಭುಜದ ನೋವು ಬಹಳ ಕಡಿಮೆಯಾಗಿತ್ತು. ಆ ನಡುವೆ ಅವರು ಫಿಸಿಯೋಥೆರಪಿಗೂ ಹೋಗಿದ್ದರು, ಆದ್ದರಿಂದ ಅಷ್ಟೂ ಕಟ್ಟೆಯಿಂದಲೇ ಆಯಿತೆಂದು ನಾನು ಬರೆಯಲಿಲ್ಲ. ಬರೆದ ಇನ್ನೊಂದು ಸಂಗತಿ ಮಗನದು. ಭಾನುವಾರ ದೋಸೆ ಹುಯ್ಯುವವನು ಅವನು, ಎತ್ತರ 178. ತಾಯಿಗೆ ಹೊಂದಿದ ಆ 72ರ ಒಲೆಯ ಮುಂದೆ ಈಗ ಸೊಂಟ ಹಿಡಿಯುವುದು ಅವನಿಗೆ.