ಪಡಸಾಲೆಯಲ್ಲಿ ಕೂತು ಕಂಡ ಊರು

ಪರಿಚಯದ ಸಂಶೋಧಕಿಯೊಬ್ಬರು ಜೇವರ್ಗಿ ತಾಲೂಕಿನ ನಮ್ಮೂರಲ್ಲಿ ಎರಡು ತಿಂಗಳಿದ್ದು, ತೊಗರಿ ಹೊಲಕ್ಕೆ ಕೂಲಿಗೆ ಹೋಗುವ ಹೆಣ್ಣುಮಕ್ಕಳ ಬಗ್ಗೆ ಪ್ರಬಂಧ ಬರೆದರು. ಉಳಿಯಲು ಜಾಗ ಕೊಟ್ಟಿದ್ದು ನಮ್ಮ ಮನೆಯವರೇ. ಕರಡು ಕಳಿಸಿ, "ಊರಿನವರಾಗಿ ಓದಿ, ಸರಿ ಇದೆಯಾ ಹೇಳಿ" ಅಂದರು.

ಎರಡನೇ ಪುಟದಲ್ಲಿ "ನಾನು ನಗರದವಳು, ಮೇಲ್ಜಾತಿಯವಳು" ಎಂದು ಒಪ್ಪಿಕೊಂಡ ಒಂದು ಪ್ಯಾರಾ ಇತ್ತು. ಪ್ರಾಮಾಣಿಕರು ಅನ್ನಿಸಿತು. ಹನ್ನೊಂದನೇ ಪುಟದಲ್ಲಿ ತೀರ್ಮಾನ: ಈಗಿನ ಕೂಲಿ ಸಾಕಾಗುತ್ತದೆ ಅಂತಾರೆ ಹೆಂಗಸರು. ಫೋನಿನಲ್ಲಿ ಅವ್ವನಿಗೆ ಓದಿ ಹೇಳಿದೆ. ನಕ್ಕಳು. "ನಮ್ಮ ಪಡಸಾಲ್ಯಾಗ ಕುಂತು, ನಾ ಚಾ ಕೊಡೂಮುಂದ, ಕೂಲಿ ಸಾಲಂಗಿಲ್ಲ ಅಂತ ಯಾರ್ ಹೇಳ್ತಾರ?"

ಕೂಲಿ ಕೊಡುವವರು ನಾವೇ ಅಲ್ಲವಾ!

ಆಗ ಎಂ.ಎನ್. ಶ್ರೀನಿವಾಸ್ ನೆನಪಾದರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದವರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ವರ್ಷಗಟ್ಟಲೆ ಸಂಸ್ಕರಿಸಿದ ಟಿಪ್ಪಣಿಗಳು ಸುಟ್ಟವು. ಆಮೇಲೆ ಬಹುಪಾಲು ನೆನಪಿನಿಂದಲೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ತಾನು ಬ್ರಾಹ್ಮಣ, ಇದ್ದದ್ದು ಊರ ಮುಖ್ಯಸ್ಥನ ಆಸರೆಯಲ್ಲಿ, ಆದ್ದರಿಂದ ಊರು ಕಂಡದ್ದು ಹೆಚ್ಚಾಗಿ ಮೇಲಿನಿಂದ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಈ ಮಾತು ಓದುಗನಿಗೆ ಕೆಲಸಕ್ಕೆ ಬರುತ್ತದೆ. ಮುಖ್ಯಸ್ಥನ ಮುಂದೆ ಬಂದ ಜಗಳಗಳ ವಿವರವನ್ನು ಹೆಚ್ಚು ನಂಬಬಹುದು. ಅಲ್ಲಿಗೆ ಬರಲಾಗದೇ ಉಳಿದ ಕೇರಿಯ ಬದುಕಿನ ಬಗ್ಗೆ ಅದೇ ಭರವಸೆ ಇಡಲಾಗದು. ಯಾವ ಮಾತನ್ನು ಎಷ್ಟು ನಂಬಬೇಕು ಅಂತ ತೋರಿಸದ ಒಪ್ಪಿಗೆ ಬರೀ ಶಿಷ್ಟಾಚಾರ.

ಹಾಗಾಗಿ ಆಕೆಗೆ ಒಂದೇ ಕೆಲಸ ಹೇಳಿದೆ: ಪ್ರತಿ ಸಂದರ್ಶನದ ಮುಂದೆ ಎಲ್ಲಿ ನಡೆಯಿತು, ಹತ್ತಿರ ಯಾರಿದ್ದರು ಅಂತ ಬರೆಯಿರಿ. ಹದಿನಾಲ್ಕರಲ್ಲಿ ಹನ್ನೊಂದು ನಮ್ಮ ಪಡಸಾಲೆಯಲ್ಲಿ ನಡೆದಿದ್ದವು. ಹೊಲದ ಬದುವಿನ ಮೇಲೆ ಮಾತಾಡಿದ ಮೂವರು ಕೂಲಿ ಸಾಲದು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗ್ತೀವಿ ಅಂದಿದ್ದರು. ಪ್ರಬಂಧದಲ್ಲಿ ಅವರು 'ಅಪವಾದ'.

"ಹೊಸದೇನೂ ಬರ್ತಿರಲಿಲ್ಲ, ಅದಕ್ಕೇ ನಿಲ್ಲಿಸಿದೆ" ಅಂದರು ಆಕೆ. ಗ್ರೌಂಡೆಡ್ ಥಿಯರಿಯಲ್ಲಿ ಇದಕ್ಕೆ ಸ್ಯಾಚುರೇಶನ್ ಅಂತಾರೆ. ಆದರೆ 1967ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಈ ವಿಧಾನವನ್ನು ಮುಂದಿಟ್ಟಾಗ ಹೇಳಿದ್ದು, ಹೋಲಿಸುತ್ತಾ ಹೋಗಿ, ನಿಮ್ಮ ವಿಚಾರ ಬದಲಾಗಬಹುದಾದ ಕಡೆಗೇ ಮುಂದೆ ಹೋಗಿ ಅಂತ. ಹನ್ನೊಂದು ಮಂದಿ ಒಂದೇ ಪಡಸಾಲೆಯಲ್ಲಿ ಒಂದೇ ಮಾತು ಹೇಳಿದರೆ ಗೊತ್ತಾಗುವುದು ಪಡಸಾಲೆಯ ಗುಣ. ಹಾಗಂತ ಬದುವಿನ ಮಾತೇ ಪೂರ್ತಿ ಸತ್ಯ ಅಂತಲೂ ಅಲ್ಲ; ಪೇಟೆಯಿಂದ ಬಂದಾಕೆ ಏನಾದರೂ ಸಹಾಯ ಮಾಡಿಯಾಳು ಎಂಬ ಆಸೆ ಅಲ್ಲೂ ಇರಬಹುದು. ಹೋಲಿಕೆ ಶುರುವಾಗಬೇಕಾದದ್ದು ಆ ಮೂವರಿಂದ, ಅಷ್ಟೇ.

ತೊಗರಿ ರಾಶಿಯ ಹೊತ್ತಿಗೆ ಆಕೆ ಮತ್ತೆ ಹೋದರು. ಈ ಸಲ ನಮ್ಮ ಮನೆಯಲ್ಲಿ ಇಳಿಯಲಿಲ್ಲ. ಹೊಸ ಕರಡಿನಲ್ಲಿ ನಮ್ಮ ಬಗ್ಗೆಯೂ ಒಂದು ಸಾಲಿದೆ: ಮೊದಲ ಸಲ ಉಳಿದದ್ದು ಕೂಲಿ ಕೊಡುವವರ ಮನೆಯಲ್ಲಿ. ಓದಿ ಹೇಳಿದೆ, ಅವ್ವ ಈ ಸಲ ನಗಲಿಲ್ಲ. ಸರಿ ಇದೆ ಅಂತ ಆಕೆಗೆ ಬರೆದು ಕಳಿಸಲು ನನಗೂ ಎರಡು ದಿನ ಬೇಕಾಯಿತು.