ಬೇಡ ಅನ್ನಲಿಲ್ಲ, ಅಷ್ಟಕ್ಕೇ ಬೇಕು ಅಂತಾನಾ?

‘ಮೌನಂ ಸಮ್ಮತಿ ಲಕ್ಷಣಂ’ ಅನ್ನೋ ಮಾತನ್ನು ನಮ್ಮೂರ ಅರಳಿಕಟ್ಟೆ ಮೇಲೆ ಬಹಳ ಸಲ ಕೇಳಿದ್ದೇನೆ. ಯಾರೂ ಎದುರು ಮಾತಾಡದಿದ್ದರೆ ಹಿರಿಯರು ಇದನ್ನು ಹೇಳಿ, ಪಂಚೆ ಕೊಡವಿಕೊಂಡು ಎದ್ದುಬಿಡೋರು. ಆದರೆ ಅಲ್ಲಿ ಸುಮ್ಮನೆ ಕೂತವನಿಗೆ ಪ್ರಶ್ನೆ ಕೇಳಿಸಿರುತ್ತಿತ್ತು, ಅರ್ಥವಾಗಿರುತ್ತಿತ್ತು, ಬೇಡ ಅನ್ನೋಕೆ ಅವಕಾಶವೂ ಇರುತ್ತಿತ್ತು. ಈ ಮೂರೂ ಇಲ್ಲದ ಕಡೆ ಮೌನವನ್ನು ಒಪ್ಪಿಗೆ ಅಂತ ಲೆಕ್ಕ ಹಿಡಿಯಬಹುದಾ? ಲ್ಯಾಪ್‌ಟಾಪ್ ಜೊತೆ ಬರುವ ಆಂಟಿವೈರಸ್ ತಂತಾನೇ ನವೀಕರಣಗೊಂಡು ದುಡ್ಡು ಕಿತ್ತುಕೊಳ್ಳುವಾಗೆಲ್ಲ ಏಳೋ ಪ್ರಶ್ನೆ ಇದೇ.

ನಮ್ಮ ಚಿಕ್ಕಪ್ಪ ನಿವೃತ್ತ ಮೇಷ್ಟ್ರು. ಅವರ ಲ್ಯಾಪ್‌ಟಾಪಿನಲ್ಲಿ ಒಂದು ಆಂಟಿವೈರಸ್ 30 ದಿನದ ಪ್ರಯೋಗಕ್ಕೆ ಅಂತ ಮೊದಲೇ ಕೂತಿತ್ತು. ತಿಂಗಳು ಮುಗಿಯುತ್ತಲೇ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಅಂತ ಕೆಂಪು ಕಿಟಕಿ ಬಂತು. ಅವರು ಕಾರ್ಡಿನಲ್ಲಿ 499 ರೂಪಾಯಿ ಕಟ್ಟಿದರು. ಅವಧಿ ಮುಂದಿನ ಜೂನ್ 20ರವರೆಗೆ. ಆದರೆ ಮೇ 21ಕ್ಕೇ ಖಾತೆಯಿಂದ 2,499 ರೂಪಾಯಿ ಹೋಯಿತು. ಫೋನ್ ಮಾಡಿ ಕೇಳಿದರು: “ಅಲ್ಲ ಕಣೋ, ನಾನು ಬೇಕು ಅಂತ ಯಾವಾಗ ಹೇಳ್ದೆ?” “ಬೇಡ ಅಂತ ಹೇಳ್ಲಿಲ್ವಲ್ಲ ಚಿಕ್ಕಪ್ಪ, ಅದಕ್ಕೇ” ಅಂದೆ. “ಹಂಗಾದ್ರೆ ಊರಲ್ಲಿ ನಾನು ಬೇಡ ಅಂತ ಹೇಳ್ದೇ ಇರೋ ಅಂಗಡಿಯವರೆಲ್ಲ ದುಡ್ಡು ಕಿತ್ಕೋಬಹುದಾ?” ಅಂದರು.

ಇಂಥದೇ ಒಂದು ಹಳೇ ಮೊಕದ್ದಮೆ ಇದೆ. ಇಂಗ್ಲೆಂಡಿನಲ್ಲಿ ಫೆಲ್ಟ್‌ಹೌಸ್ ಅನ್ನುವವರು ತಮ್ಮ ಸೋದರಳಿಯನಿಗೆ ಕಾಗದ ಬರೆದಿದ್ದರು: ನಿನ್ನ ಕಡೆಯಿಂದ ಮತ್ತೇನೂ ಸುದ್ದಿ ಬರದಿದ್ದರೆ ನಿನ್ನ ಕುದುರೆ ನನ್ನದಾಯಿತು ಅಂದುಕೊಳ್ಳುತ್ತೇನೆ ಅಂತ. ಹುಡುಗ ಉತ್ತರ ಬರೆಯಲಿಲ್ಲ. ಕಡೆಗೆ 1862ರಲ್ಲಿ ನ್ಯಾಯಾಲಯ ವ್ಯಾಪಾರ ಆಗಿಯೇ ಇಲ್ಲ ಅಂದಿತು. ಒಬ್ಬನ ಮೇಲೆ ‘ಬೇಡ ಅಂತ ಹೇಳಲೇಬೇಕು’ ಅನ್ನೋ ಭಾರ ಹೊರಿಸಿ, ಅವನ ಸುಮ್ಮನಿರುವಿಕೆಯನ್ನು ಹೂಂ ಅಂತ ಎಣಿಸೋ ಹಾಗಿಲ್ಲ. ವಕೀಲಿ ಓದುವವರಿಗೆ ಇದು ಇವತ್ತಿಗೂ ಪಾಠ.

ಕಂಪನಿಯವರ ಹತ್ತಿರ ಇದಕ್ಕೆ ಉತ್ತರ ಇದೆ, ಮತ್ತು ಅದು ಪೂರ್ತಿ ಸುಳ್ಳಲ್ಲ. ‘ನಾವು ಮೌನವನ್ನು ನಂಬಿಕೊಂಡಿಲ್ಲ. ಮೊದಲ ದಿನವೇ ನೀವು ಷರತ್ತಿಗೆ ಒಪ್ಪಿದ್ದೀರಿ’ ಅನ್ನುತ್ತಾರೆ. ಅಂದರೆ ಪ್ರಶ್ನೆ ಸ್ವಲ್ಪ ಜರುಗುತ್ತದೆ: ಮೊದಲ ದಿನದ ಹೂಂ ಅನ್ನು ಎಷ್ಟು ದೂರ ಎಳೆಯಬಹುದು? ಮನೆಗೆ ಹಾಲು ಹಾಕುವವನಿಗೂ ನಾವು ದಿನಾ ಬೇಕು ಅಂತ ಹೇಳುವುದಿಲ್ಲ. ಆದರೆ ಲೀಟರಿಗೆ ಎರಡು ರೂಪಾಯಿ ಏರಿಸಬೇಕಾದರೆ ಅವನು ಬಾಗಿಲಲ್ಲಿ ನಿಂತು ಹೇಳುತ್ತಾನೆ. ಚಿಕ್ಕಪ್ಪ ಹೂಂ ಅಂದಿದ್ದು ದೊಡ್ಡ ಅಕ್ಷರದಲ್ಲಿದ್ದ 499ಕ್ಕೆ. ಅದರ ಐದು ಪಟ್ಟು ಅನ್ನೋದು ಬೇರೆಯೇ ಪ್ರಶ್ನೆ, ಅದನ್ನು ಮತ್ತೆ ಕೇಳಬೇಕಿತ್ತು.

ಕೇಳಲಿಲ್ಲವಾ ಅಂದರೆ, ಒಂದು ಥರದಲ್ಲಿ ಕೇಳಿದ್ದರು. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರಿನಿಂದ ಇಂಥ ಕಂತು ಕಡಿಯುವ 24 ಗಂಟೆ ಮೊದಲಾದರೂ ಗ್ರಾಹಕರಿಗೆ ಸೂಚನೆ ಹೋಗಬೇಕು, ಅದರಲ್ಲೇ ಬೇಡ ಅನ್ನುವ ದಾರಿಯೂ ಇರಬೇಕು. 15,000 ರೂಪಾಯಿವರೆಗೆ ಒಟಿಪಿ ಮಾತ್ರ ಕೇಳುವುದಿಲ್ಲ. ಚಿಕ್ಕಪ್ಪನಿಗೂ ಹಿಂದಿನ ಸಂಜೆ ಮೆಸೇಜ್ ಬಂದಿತ್ತು. ಇಂಗ್ಲಿಷಿನಲ್ಲಿತ್ತು, ಕೊನೆಗೊಂದು ಲಿಂಕ್ ಇತ್ತು. ಮೆಸೇಜಿನಲ್ಲಿ ಬರೋ ಲಿಂಕ್ ಒತ್ತಬೇಡಿ ಅಂತ ಬ್ಯಾಂಕಿನವರೇ ಸಾರಿ ಸಾರಿ ಹೇಳಿರೋದರಿಂದ ಅವರು ಒತ್ತಲಿಲ್ಲ. ಕಾನೂನಿನ ಅಕ್ಷರ ಪಾಲನೆಯಾಯಿತು, ಪ್ರಶ್ನೆ ಮಾತ್ರ ಅವರಿಗೆ ಮುಟ್ಟಲೇ ಇಲ್ಲ.

ದುಡ್ಡು ಒಂದು ತಿಂಗಳು ಮೊದಲೇ ಹೋಗಿದ್ದನ್ನು ಗಮನಿಸಿ. ಅವಧಿ ಮುಗಿಯುವ ತಿಂಗಳ ಮೊದಲೇ ಕಡಿಯಬಹುದು ಅಂತ ಕೆಲವು ಕಂಪನಿಗಳ ಷರತ್ತಿನಲ್ಲೇ ಬರೆದಿರುತ್ತದೆ. ಹಾಗಾಗಿ ಕೊನೇ ದಿನ ನೋಡಿಕೊಳ್ಳೋಣ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದವನೂ ತಡವಾಗಿರುತ್ತಾನೆ. ಇದಕ್ಕೆ ನನಗೆ ಗೊತ್ತಿರೋ ಒಳ್ಳೇ ಉಪಾಯ ಅಂದರೆ ಕೊಂಡ ದಿನವೇ ನವೀಕರಣ ನಿಲ್ಲಿಸುವುದು. ಸಾಮಾನ್ಯವಾಗಿ ಹೀಗೆ ಮಾಡಿದರೂ ದುಡ್ಡು ಕೊಟ್ಟ ವರ್ಷಪೂರ್ತಿ ಸೇವೆ ನಡೆಯುತ್ತದೆ. ನಿಲ್ಲೋದು ಮುಂದಿನ ಕಂತು ಮಾತ್ರ.

ಎಲ್ಲಿ ನಿಲ್ಲಿಸಬೇಕು ಅನ್ನೋದು ದುಡ್ಡು ಯಾರಿಗೆ ಹೋಗಿದೆ ಅನ್ನೋದರ ಮೇಲಿದೆ. ಹಳೇ ರಸೀದಿಯ ಇಮೇಲ್ ತೆಗೆದು ನೋಡಿ. ಕಂಪನಿಗೇ ನೇರ ಕಟ್ಟಿದ್ದರೆ ಅವರ ಜಾಲತಾಣದ My Account ಒಳಗೆ Auto-Renewal ಅಂತ ಇರುತ್ತದೆ, ಅದನ್ನು ಆಫ್ ಮಾಡಬೇಕು. ಮೈಕ್ರೋಸಾಫ್ಟ್ ಅಥವಾ ಗೂಗಲ್ ಅಂಗಡಿಯ ಮೂಲಕ ಕೊಂಡಿದ್ದರೆ ಆ ಖಾತೆಯಲ್ಲೇ ನಿಲ್ಲಿಸಬೇಕು. ‘ನಿಲ್ಲಿಸಲಾಗಿದೆ’ ಅಂತ ಬರೋ ಇಮೇಲನ್ನು ಎತ್ತಿಡಿ. ಬರದಿದ್ದರೆ ನಿಂತಿಲ್ಲ ಅಂತಲೇ ತಿಳಿದು ಮತ್ತೆ ನೋಡಿ. ಎರಡನೇ ಬೀಗವಾಗಿ ಬ್ಯಾಂಕಿನ ಕಡೆಯ ಅನುಮತಿಯನ್ನೂ ರದ್ದು ಮಾಡಬಹುದು. ಯುಪಿಐ ಆದರೆ ಆ್ಯಪಿನ Autopay ಪಟ್ಟಿಯಲ್ಲಿ ಸಿಗುತ್ತದೆ, ಕಾರ್ಡಾದರೆ ಬ್ಯಾಂಕಿನ ಆ್ಯಪ್ ಅಥವಾ ಜಾಲತಾಣದಲ್ಲಿ.

ಬಹಳ ಜನ ಸಾಫ್ಟ್‌ವೇರನ್ನು ಅಳಿಸಿ, ಮುಗಿಯಿತು ಅಂದುಕೊಳ್ಳುತ್ತಾರೆ. ಅಳಿಸಿದರೆ ಲ್ಯಾಪ್‌ಟಾಪಿನಿಂದ ಹೋಗುತ್ತದೆಯೇ ಹೊರತು ಲೆಕ್ಕದ ಪುಸ್ತಕದಿಂದಲ್ಲ. ಕಂತು ನಿಲ್ಲಿಸಿ ಆಮೇಲೆ ಅಳಿಸಬೇಕು. ಆಗ ವೈರಸ್ ಬಂದರೆ ಅನ್ನೋ ಭಯಕ್ಕೆ ಉತ್ತರ ವಿಂಡೋಸ್ 10, 11ರ ಒಳಗೇ ಇದೆ. ಮೈಕ್ರೋಸಾಫ್ಟಿನ ಡಿಫೆಂಡರ್ ಬೇರೆ ಆಂಟಿವೈರಸ್ ಇರೋವರೆಗೆ ಪಕ್ಕಕ್ಕೆ ಸರಿದಿರುತ್ತದೆ, ಅದು ಹೋದಮೇಲೆ ತಾನೇ ಕಾವಲಿಗೆ ನಿಲ್ಲುತ್ತದೆ. Windows Security ತೆರೆದು Virus & threat protection ನೋಡಿದರೆ ಈಗ ಕಾವಲಿಗೆ ಯಾರಿದ್ದಾರೆ ಅಂತ ಗೊತ್ತಾಗುತ್ತದೆ.

ದುಡ್ಡು ಆಗಲೇ ಹೋಗಿದ್ದರೆ ಅದೇ ದಿನ ಮರುಪಾವತಿ ಕೇಳಿ, ಇದಕ್ಕೆ ಸಾಮಾನ್ಯವಾಗಿ ಗಡುವು ಇರುತ್ತದೆ. ಚಿಕ್ಕಪ್ಪ ಗಡುವಿನೊಳಗೇ ಕೇಳಿದ್ದರಿಂದ ಪೂರ್ತಿ ವಾಪಸ್ ಬಂತು. ‘ನವೀಕರಣ ಆಗಿದೆ, ಬೇಡದಿದ್ದರೆ ಈ ನಂಬರಿಗೆ ಕರೆ ಮಾಡಿ’ ಅಂತ ಬರೋ ಇಮೇಲುಗಳಲ್ಲಿ ವಂಚಕರದ್ದೂ ಇರುತ್ತವೆ. ಆ ನಂಬರಿಗೆ ಕರೆ ಮಾಡದೆ, ನಿಜವಾಗಿ ದುಡ್ಡು ಹೋಗಿದೆಯಾ ಅಂತ ಬ್ಯಾಂಕಿನ ಲೆಕ್ಕದಲ್ಲಿ ನೋಡಿ.

ಇಷ್ಟೆಲ್ಲ ಮಾಡಬೇಕಾಗಿ ಬಂದದ್ದು ಯಾಕೆ? ನಾನು ಇದೇ ಕಸುಬಿನವನು. ಎಲ್ಲೋ ಒಂದು ಕಡೆ ಯಾರೋ ಒಬ್ಬರು ಇಂಥ ಸಾಲು ಬರೆದಿರುತ್ತಾರೆ:

```
auto_renew = true
```

ಅಲ್ಲಿ `false` ಬರೆಯಲು ಒಂದೇ ಒಂದು ಅಕ್ಷರ ಹೆಚ್ಚು ಬೇಕು. ಯಾರಾದರೂ ಸುಮ್ಮನಿದ್ದರೆ ಏನರ್ಥ ಅನ್ನೋದನ್ನು ನಮ್ಮ ಕಸುಬಿನವರು ಮೊದಲೇ ತೀರ್ಮಾನಿಸಿ ಬಿಡುತ್ತೇವೆ. ಅದು ತಾಂತ್ರಿಕ ನಿರ್ಧಾರ ಅಲ್ಲ, ನೈತಿಕ ನಿರ್ಧಾರ.

2021ರಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರದ ತನಿಖೆಯ ಬಳಿಕ ಮೆಕಾಫಿ ಮತ್ತು ನಾರ್ಟನ್ ಕಂಪನಿಗಳು ತಂತಾನೇ ನವೀಕರಣವಾದ ಗ್ರಾಹಕರು ನಡುವೆ ಬಿಟ್ಟರೆ ಉಳಿದ ಅವಧಿಯ ದುಡ್ಡು ವಾಪಸ್ ಕೊಡಲು ಒಪ್ಪಿದವು. 2023ರಲ್ಲಿ ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ ಚಂದಾ ಬಲೆಯನ್ನು ನಿಷೇಧಿತ ತಂತ್ರಗಳ ಪಟ್ಟಿಗೆ ಸೇರಿಸಿತು. ನಿಯಮ ಬಂದದ್ದು ಒಳ್ಳೇದೇ. ಆದರೆ ನನ್ನ ಮಟ್ಟಿಗೆ ನ್ಯಾಯದ ಅಳತೆ ಇನ್ನೂ ಸರಳ: ಒಳಗೆ ಬರಲು ಎಷ್ಟು ಮೆಟ್ಟಿಲು ಇಟ್ಟಿದ್ದೀರೋ ಹೊರಗೆ ಹೋಗಲೂ ಅಷ್ಟೇ ಇಡಿ, ಬೆಲೆ ಬದಲಾದರೆ ಬಾಗಿಲಲ್ಲಿ ನಿಂತು ಹೇಳಿ. ನಮ್ಮೂರ ಹಾಲಿನವನು ಮಾಡೋದೂ ಅಷ್ಟೇ.