ಇಂದು ನಗದು, ನಾಳೆ ಉದ್ರಿ

ಕಿರಾಣಿ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆಯನ್ನು ನಾವೆಲ್ಲರೂ ಓದಿದ್ದೇವೆ. ಫ್ರೆಂಚ್ ಚಿಂತಕ ಜಾಕ್ ಡೆರಿಡಾ ಅವರ ನಿರಚನವಾದವನ್ನು ಈ ನಾಲ್ಕು ಪದಗಳಲ್ಲೇ ಪರೀಕ್ಷಿಸಬಹುದು.

‘ನಗದು’ ಅರ್ಥವಾಗುವುದು ಅದು ‘ಉದ್ರಿ’ ಅಲ್ಲವಾದ್ದರಿಂದ. ‘ಉದ್ರಿ’ಯನ್ನು ವಿವರಿಸಹೊರಟರೆ ಸಾಲ, ವಾಯಿದೆ, ನಂಬಿಕೆ ಎಂದು ಪದದಿಂದ ಪದಕ್ಕೆ ಸಾಗುತ್ತೇವೆ; ಕೊನೆಯ ಪದ ದೊರೆಯದು. ಫ್ರೆಂಚಿನ ಒಂದೇ ಕ್ರಿಯಾಪದಕ್ಕೆ ‘ಭಿನ್ನವಾಗು’, ‘ಮುಂದೂಡು’ ಎಂಬ ಎರಡರ್ಥಗಳುಂಟು. 1968ರ ಉಪನ್ಯಾಸವೊಂದರಲ್ಲಿ ಡೆರಿಡಾ ಇವೆರಡನ್ನೂ ‘ಡಿಫೆರಾನ್ಸ್’ ಎಂಬ ಒಂದೇ ಪದದಲ್ಲಿ ಹಿಡಿದರು.

ಹಲಗೆಯ ‘ನಾಳೆ’ಗೆ ತಾರೀಖಿಲ್ಲ, ಮರುದಿನ ಹೋದರೂ ಅದು ಮುಂದಿನ ದಿನವನ್ನೇ ತೋರಿಸುತ್ತದೆ. ಇದು ಬರಿಯ ವರ್ತಕನ ಚಮತ್ಕಾರವಲ್ಲ. ‘ಉದ್ರಿ ಇಲ್ಲ’ ಎಂದಷ್ಟೇ ಬರೆದರೂ, ಬರೆದವನು ಎದುರಿಗಿಲ್ಲದಾಗ ಅದು ಅಪರಿಚಿತನಿಗೆ ನಿಯಮವಾಗಿಯೂ ಹಳೆಯ ಗಿರಾಕಿಗೆ ಅವಿಶ್ವಾಸವಾಗಿಯೂ ಕಾಣಬಹುದು.

ಹಾಗೆಂದು ಅರ್ಥವೇ ಇಲ್ಲವೆಂದಲ್ಲ. ಹಲಗೆ ಓದಿದವನು ಜೇಬಿಗೆ ಕೈ ಹಾಕುತ್ತಾನೆ. ಅರ್ಥ ಕೆಲಸ ಮಾಡುತ್ತದೆ, ಆದರೆ ಮುಗಿಯುವುದಿಲ್ಲ. ಕೊಟ್ಟ ಮಾತಿನಿಂದ ನುಣುಚಿಕೊಳ್ಳಲು ಈ ವಾದ ನೆಪವಾಗಲಾರದು. ಮಾತಿನ ಅರ್ಥ ಆಡಿದ ಕ್ಷಣಕ್ಕೆ ಮುಗಿಯದಿದ್ದರೆ, ಅದಕ್ಕೆ ಉತ್ತರಿಸುವ ನಮ್ಮ ಹೊಣೆಯೂ ಆ ಕ್ಷಣಕ್ಕೆ ಮುಗಿಯದು.